ನಡಿಗೆ, ನಿದ್ದೆ, ಮನಸ್ಸು: ‘ಇದರ ಮೂಲಕವೇ ಆಯಿತು’ ಅನ್ನುವ ಮಾತನ್ನು ಪರೀಕ್ಷಿಸುವುದು ಹೇಗೆ?

ಹೀಗೊಂದು ಸಂಶೋಧನಾ ಪ್ರಬಂಧ ಇದೆ ಅಂದುಕೊಳ್ಳೋಣ. ಲೆಕ್ಕ ತಿಳಿಯಾಗಿರಲಿ ಅಂತ ಇದನ್ನು ನಾನೇ ಕಟ್ಟಿದ್ದೇನೆ, ಆದರೆ ಇದೇ ಅಚ್ಚಿನ ಪ್ರಬಂಧಗಳು ಬೇಕಾದಷ್ಟು ಸಿಗುತ್ತವೆ.

ಮನಸ್ಸು ಕುಗ್ಗಿರುವ 400 ಜನರನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿದ್ದಾರೆ. 200 ಜನ 12 ವಾರ ದಿನಾ ನಡೆದರು. ಉಳಿದ 200 ಜನ ಇದ್ದ ಹಾಗೇ ಇದ್ದರು. ಕೊನೆಗೆ ನೋಡಿದರೆ ನಡೆದವರ ಮನಸ್ಥಿತಿಯ ಅಂಕ ಸರಾಸರಿ 5 ಜಾಸ್ತಿ. ಅವರ ನಿದ್ದೆಯೂ ಸರಾಸರಿ ಅರ್ಧ ಗಂಟೆ ಜಾಸ್ತಿ. ಆಮೇಲೆ ಲೇಖಕರು ಮೀಡಿಯೇಶನ್ ಅನಾಲಿಸಿಸ್, ಅಂದರೆ ಪರಿಣಾಮದಲ್ಲಿ ಎಷ್ಟು ಭಾಗ ಯಾವ ದಾರಿಯಲ್ಲಿ ಬಂತು ಅನ್ನುವ ಲೆಕ್ಕ, ಮಾಡಿ ಹೀಗೆ ಬರೆಯುತ್ತಾರೆ: ನಡಿಗೆಯಿಂದ ಮನಸ್ಸಿಗೆ ಆದ ಲಾಭದಲ್ಲಿ ಶೇ. 40ರಷ್ಟು ನಿದ್ದೆಯ ಮೂಲಕ ಬಂದಿದೆ.

ಈ ಕೊನೆಯ ವಾಕ್ಯವನ್ನು ನಂಬಬಹುದಾ? ನಡಿಗೆಯಿಂದ ಮನಸ್ಸು ಸುಧಾರಿಸಿತು ಅನ್ನುವುದು ಒಂದು ಮಾತು. ಅದು ನಿದ್ದೆಯ ದಾರಿಯಲ್ಲಿ ಸುಧಾರಿಸಿತು ಅನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಲಾಟರಿಯ ಬೆಂಬಲ ಇದೆ. ಎರಡನೆಯದಕ್ಕೆ ಎಷ್ಟು ಬೆಂಬಲ ಇದೆ ಅಂತ ನೋಡೋಣ.

ಶೇ. 40 ಬಂದದ್ದು ಎಲ್ಲಿಂದ

ಲೆಕ್ಕ ಸುಲಭ. ನಡಿಗೆಯಿಂದ ನಿದ್ದೆ ಎಷ್ಟು ಹೆಚ್ಚಿತು? 0.5 ಗಂಟೆ. ಇದನ್ನು a ಅನ್ನುತ್ತಾರೆ. ಒಂದೇ ಗುಂಪಿನ ಒಳಗೆ ನೋಡಿದರೆ, ಒಂದು ಗಂಟೆ ಜಾಸ್ತಿ ಮಲಗುವವರ ಮನಸ್ಥಿತಿಯ ಅಂಕ ಎಷ್ಟು ಜಾಸ್ತಿ ಇದೆ? 4. ಇದು b. ಎರಡನ್ನೂ ಗುಣಿಸಿದರೆ 0.5 × 4 = 2. ಒಟ್ಟು ಲಾಭ 5 ಅಂಕ, ಅದರಲ್ಲಿ 2 ಅಂಕ ನಿದ್ದೆಯ ಮೂಲಕ, ಉಳಿದ 3 ಬೇರೆ ದಾರಿಗಳಿಂದ. 5ರಲ್ಲಿ 2 ಅಂದರೆ ಶೇ. 40. ಈ 2 ಅಂಕಕ್ಕೆ ಬೂಟ್‌ಸ್ಟ್ರ್ಯಾಪ್ ಮಾಡಿದರೆ, ಅಂದರೆ ಇದೇ 400 ಜನರಿಂದ ಮತ್ತೆ ಮತ್ತೆ ಮಾದರಿ ಎತ್ತಿ ಲೆಕ್ಕ ಹಾಕಿದರೆ, ಶೇ. 95ರ ವ್ಯಾಪ್ತಿ ಸುಮಾರು 1.2ರಿಂದ 3.0 ಬರುತ್ತದೆ. ವ್ಯಾಪ್ತಿಯಲ್ಲಿ ಸೊನ್ನೆ ಇಲ್ಲ. ಹಾಗಾಗಿ ಪ್ರಬಂಧದಲ್ಲಿ ‘ಪರೋಕ್ಷ ಪರಿಣಾಮ ಸಾಬೀತಾಗಿದೆ’ ಅಂತ ಬರೆದುಬಿಡುತ್ತಾರೆ.

ಈ ಪದ್ಧತಿ ಜನಪ್ರಿಯವಾದದ್ದು 1986ರಲ್ಲಿ ಬ್ಯಾರನ್ ಮತ್ತು ಕೆನ್ನಿ ಬರೆದ ಲೇಖನದಿಂದ. ಆಮೇಲೆ ಬೂಟ್‌ಸ್ಟ್ರ್ಯಾಪ್ ಬಂತು, ಗುಂಡಿ ಒತ್ತಿದರೆ ಉತ್ತರ ಕೊಡುವ ತಂತ್ರಾಂಶಗಳು ಬಂದವು. ಲೆಕ್ಕ ನಯವಾಯಿತು. ಆದರೆ ಬೂಟ್‌ಸ್ಟ್ರ್ಯಾಪ್ ಉತ್ತರಿಸುವ ಪ್ರಶ್ನೆ ಒಂದೇ: ಇದೇ ರೀತಿಯ ಬೇರೆ 400 ಜನರನ್ನು ತೆಗೆದುಕೊಂಡಿದ್ದರೆ ಈ ಗುಣಲಬ್ಧ ಎಷ್ಟು ಅತ್ತಿತ್ತ ಆಗುತ್ತಿತ್ತು? b ಅನ್ನುವ ಸಂಖ್ಯೆ ನಿದ್ದೆಯ ಪರಿಣಾಮವೇ ಹೌದಾ ಅನ್ನುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ.

ವಿಷಯ ಇರುವುದೆಲ್ಲ ಆ b ಒಳಗೆ. aಗೆ ಲಾಟರಿಯ ರಕ್ಷಣೆ ಇದೆ, ಯಾಕೆಂದರೆ ಯಾರು ನಡೆಯಬೇಕು ಅಂತ ಲಾಟರಿ ತೀರ್ಮಾನಿಸಿತು. ಆದರೆ ಯಾರು ಎಷ್ಟು ಹೊತ್ತು ಮಲಗಬೇಕು ಅಂತ ಯಾವ ಲಾಟರಿಯೂ ತೀರ್ಮಾನಿಸಲಿಲ್ಲ. ಅದು ಅವರವರ ದೇಹ, ಮನೆ, ಕೆಲಸ, ನೋವು, ಚಿಂತೆ ತೀರ್ಮಾನಿಸಿದ್ದು. ಪ್ರಯೋಗ ಲಾಟರಿ ಎತ್ತಿ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಅದರೊಳಗಿನ ಪ್ರತಿ ಸಂಖ್ಯೆಗೂ ಅದೇ ಗೌರವ ಕೊಡುತ್ತೇವಲ್ಲ, ತಪ್ಪು ಶುರುವಾಗುವುದೇ ಅಲ್ಲಿ. ಪ್ರಯೋಗದ ಹೆಸರಿನಲ್ಲಿ ಇರುವ ಈ b ಬರೀ ಗಮನಿಸಿ ಪಡೆದ ಸಂಬಂಧ.

ಪರಿಣಾಮವೇ ಇಲ್ಲದ ಕಡೆ ಶೇ. 50

ಈ ಮಾತನ್ನು ಸುಮ್ನೆ ಒಪ್ಪಿಕೊಳ್ಳುವುದು ಬೇಡ. R ಅನ್ನುವ ಸಂಖ್ಯಾಶಾಸ್ತ್ರದ ತಂತ್ರಾಂಶ ಇದ್ದರೆ ನೀವೇ ನಡೆಸಿ ನೋಡಬಹುದು. ಇಲ್ಲಿ x ಅಂದರೆ ನಡಿಗೆ, m ನಿದ್ದೆ, y ಮನಸ್ಥಿತಿ. u ಅನ್ನುವುದು ಯಾರೂ ಅಳೆಯದ ಒಂದು ಸಂಗತಿ. ಅದನ್ನು ‘ಹಳೆಯ ಮೈಕೈ ನೋವು ಇಲ್ಲದಿರುವುದು’ ಅಂದುಕೊಳ್ಳಿ. ಅದು ಇದ್ದವರು ಚೆನ್ನಾಗಿ ಮಲಗುತ್ತಾರೆ, ಅವರ ಮನಸ್ಸೂ ಹಗುರ ಇರುತ್ತದೆ.

```r
set.seed(1)
n <- 10000
x <- rbinom(n, 1, 0.5)
u <- rnorm(n)
m <- x + u + rnorm(n)
y <- x + u + rnorm(n)
coef(lm(m ~ x))
coef(lm(y ~ x))
coef(lm(y ~ x + m))
```

y ಅನ್ನು ಕಟ್ಟಿದ ಸಾಲು ನೋಡಿ. ಅದರಲ್ಲಿ m ಇಲ್ಲವೇ ಇಲ್ಲ. ಅಂದರೆ ನಾವೇ ಕಟ್ಟಿದ ಈ ಲೋಕದಲ್ಲಿ ನಿದ್ದೆಗೆ ಮನಸ್ಸಿನ ಮೇಲೆ ಯಾವ ಪರಿಣಾಮವೂ ಇಲ್ಲ. ಆದರೂ ಉತ್ತರ ಹೀಗೆ ಬರುತ್ತದೆ: a ಸುಮಾರು 1, ಒಟ್ಟು ಪರಿಣಾಮ ಸುಮಾರು 1, b ಸುಮಾರು 0.5. ಗುಣಿಸಿದರೆ 0.5. ಅಂದರೆ ಪರಿಣಾಮದ ಅರ್ಧ ಭಾಗ ನಿದ್ದೆಯ ಮೂಲಕ ಬಂತು ಅನ್ನುತ್ತದೆ ಲೆಕ್ಕ. ನಿಜವಾದ ಉತ್ತರ ಸೊನ್ನೆ. 10,000 ಜನ ಇದ್ದಾರೆ, ಬೂಟ್‌ಸ್ಟ್ರ್ಯಾಪ್ ಮಾಡಿದರೆ 0.5ರ ಸುತ್ತ ತುಂಬ ಕಿರಿದಾದ ವ್ಯಾಪ್ತಿ ಸಿಗುತ್ತದೆ. ಜನರನ್ನು ಹೆಚ್ಚಿಸಿದಷ್ಟೂ ತಪ್ಪು ಉತ್ತರದ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ ಅಷ್ಟೇ.

ಹೀಗಾಗುವುದು ಯಾಕೆ? ‘ನಿದ್ದೆಯನ್ನು ಸಮ ಮಾಡಿ ನೋಡಿದರೆ’ ಅನ್ನುವ ಮಾತಿನ ಅರ್ಥವನ್ನು ಬಿಡಿಸಬೇಕು. ಎರಡೂ ಗುಂಪಿನಿಂದ ಸರಿಯಾಗಿ 7 ಗಂಟೆ ಮಲಗುವವರನ್ನು ಮಾತ್ರ ಎತ್ತಿಕೊಳ್ಳಿ. ನಡಿಗೆಯ ಗುಂಪಿನವರಿಗೆ ಆ 7 ಗಂಟೆ ಸಿಕ್ಕಿದ್ದು ನಡಿಗೆ ಕೊಟ್ಟ ಅರ್ಧ ಗಂಟೆಯೂ ಸೇರಿ. ಅದು ಇಲ್ಲದಿದ್ದರೆ ಅವರು ಆರೂವರೆ ಗಂಟೆಯವರು. ಇನ್ನೊಂದು ಗುಂಪಿನವರು ಯಾವ ಸಹಾಯವೂ ಇಲ್ಲದೆ 7 ಗಂಟೆ ಮಲಗುತ್ತಾರೆ. ಅಂದರೆ ಅವರಿಗೆ ಮೊದಲೇ ನೋವು ಕಡಿಮೆ ಇರುವ ಸಂಭವ ಜಾಸ್ತಿ. ಲಾಟರಿ ಎತ್ತಿದ ದಿನ ಎರಡು ಗುಂಪಿಗೂ ನೋವು ಸರಾಸರಿಯಲ್ಲಿ ಸಮ ಇತ್ತು. ನಿದ್ದೆಯನ್ನು ಸಮ ಮಾಡಲು ಹೋದಾಗ ಆ ಸಮತೋಲನವನ್ನು ನಾವೇ ಕೆಡಿಸಿದೆವು. ನಡಿಗೆಯ ನೇರ ಲಾಭ ಇದರಿಂದ ಚಿಕ್ಕದಾಗಿ ಕಾಣುತ್ತದೆ, ಆ ಕೊರತೆ ನಿದ್ದೆಯ ಖಾತೆಗೆ ಹೋಗಿ ಸೇರುತ್ತದೆ.

ಇದು ಬರೀ ಕಂಪ್ಯೂಟರಿನ ಲೆಕ್ಕದಲ್ಲಿ ಆಗುವ ಸಂಗತಿ ಅಲ್ಲ. ಧೂಮಪಾನ ಮಾಡುವ ತಾಯಂದಿರ ಶಿಶುಗಳಲ್ಲಿ ಸಾವಿನ ಪ್ರಮಾಣ ಒಟ್ಟಾರೆ ಜಾಸ್ತಿ. ಆದರೆ ತೂಕ ಕಡಿಮೆ ಇರುವ ಶಿಶುಗಳನ್ನು ಮಾತ್ರ ತೆಗೆದುಕೊಂಡು ನೋಡಿದರೆ, ಧೂಮಪಾನ ಮಾಡುವ ತಾಯಂದಿರ ಶಿಶುಗಳೇ ಹೆಚ್ಚು ಬದುಕುತ್ತವೆ ಅನ್ನುವ ಹಾಗೆ ಕಂಡಿತು. ದಶಕಗಳ ಕಾಲ ಇದು ಒಗಟಾಗಿತ್ತು. ಧೂಮಪಾನ ಇಲ್ಲದೆಯೂ ತೂಕ ಕಡಿಮೆ ಇದೆ ಅಂದರೆ ಕಾರಣ ಬೇರೆ ಏನೋ ಇರಬೇಕು, ಉದಾಹರಣೆಗೆ ಹುಟ್ಟಿನಿಂದ ಬಂದ ದೋಷ, ಮತ್ತು ಅದು ಹೊಗೆಗಿಂತ ಅಪಾಯಕಾರಿ. ಜನನ ತೂಕವು ಧೂಮಪಾನ ಮತ್ತು ಸಾವಿನ ನಡುವೆ ಕೂತಿರುವ ಮೀಡಿಯೇಟರ್. ಅದನ್ನು ಸಮ ಮಾಡಿದಾಗ ಕಾಣದ ಆ ಇನ್ನೊಂದು ಕಾರಣ ಒಳಗೆ ನುಗ್ಗಿತು. 2006ರಲ್ಲಿ ಹೆರ್ನಾಂಡೆಸ್-ಡಿಯಾಸ್, ಶಿಸ್ಟರ್‌ಮನ್ ಮತ್ತು ಹೆರ್ನಾನ್ ಈ ಒಗಟನ್ನು ಇದೇ ದಾರಿಯಲ್ಲಿ ಬಿಡಿಸಿ ಬರೆದರು.

ಎಷ್ಟು ದೊಡ್ಡ ನೋವು ಬೇಕು?

‘ಕಾಣದ ಕಾರಣ ಇರಬಹುದು’ ಅಂತ ಯಾವ ಪ್ರಬಂಧದ ಬಗ್ಗೆಯೂ ಹೇಳಬಹುದು ಅಲ್ವಾ? ಅಷ್ಟಕ್ಕೇ ನಿಲ್ಲಿಸಿದರೆ ಅದು ವಿಮರ್ಶೆ ಆಗುವುದಿಲ್ಲ. ಆ ಕಾರಣ ಎಷ್ಟು ಬಲವಾಗಿದ್ದರೆ ಫಲಿತಾಂಶ ಬೀಳುತ್ತದೆ ಅಂತ ಲೆಕ್ಕ ಹಾಕಬೇಕು. ಇದಕ್ಕೆ ಸೆನ್ಸಿಟಿವಿಟಿ ಅನಾಲಿಸಿಸ್ ಅನ್ನುತ್ತಾರೆ. ಇಮಾಯ್, ಕೀಲ್ ಮತ್ತು ಯಮಾಮೊಟೊ 2010ರಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಕೊಟ್ಟರು. R ನಲ್ಲಿ `mediation` ಪ್ಯಾಕೇಜಿನ `medsens` ಈ ಕೆಲಸ ಮಾಡುತ್ತದೆ. ಆದರೆ ನಮ್ಮ ಉದಾಹರಣೆಗೆ ಕಾಗದ, ಪೆನ್ನು ಸಾಕು.

ಗುಂಪಿನ ಒಳಗೆ ನಿದ್ದೆಯ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಜನ ಸರಾಸರಿಯಿಂದ ಎಷ್ಟು ಅತ್ತಿತ್ತ ಇರುತ್ತಾರೆ ಅನ್ನುವ ಅಳತೆ, 1 ಗಂಟೆ, ಮನಸ್ಥಿತಿಯ ಅಂಕದ್ದು 10 ಅಂದುಕೊಳ್ಳಿ. b 4 ಇದೆ ಅಂದರೆ ನಿದ್ದೆಗೂ ಮನಸ್ಥಿತಿಗೂ ಗುಂಪಿನ ಒಳಗಿನ ಸಹಸಂಬಂಧ 4 × 1 ÷ 10 = 0.4. ಈಗ ನೋವು ಕಡಿಮೆ ಇರುವುದಕ್ಕೆ ನಿದ್ದೆಯ ಜೊತೆ 0.5, ಮನಸ್ಥಿತಿಯ ಜೊತೆಯೂ 0.5 ಸಹಸಂಬಂಧ ಇದೆ ಅನ್ನಿ. ಎರಡನ್ನೂ ಗುಣಿಸಿದರೆ 0.25. ನಾವು ನೋಡಿದ 0.4ರಲ್ಲಿ ಇಷ್ಟು ಭಾಗ ನೋವಿನದೇ ಕೆಲಸ. ಉಳಿದದ್ದು 0.15. ಅದನ್ನು 1 − 0.25, ಅಂದರೆ 0.75ರಿಂದ ಭಾಗಿಸಿದರೆ 0.2. ಅಂದರೆ ನಿದ್ದೆಯ ನಿಜವಾದ ಪರಿಣಾಮ ಗಂಟೆಗೆ 4 ಅಲ್ಲ, 2 ಅಂಕ. ಪರೋಕ್ಷ ಪರಿಣಾಮ 2ರಿಂದ 1ಕ್ಕೆ ಇಳಿಯಿತು. ಶೇ. 40 ಇದ್ದದ್ದು ಶೇ. 20 ಆಯಿತು. ಆ ಎರಡು ಸಹಸಂಬಂಧಗಳು 0.63ರ ಆಸುಪಾಸು ಇದ್ದರೆ ಪೂರ್ತಿ ಸೊನ್ನೆ.

ಇಲ್ಲಿ ನೀವು ವಿಷಯ ಬಲ್ಲವರಾಗಿ ಯೋಚಿಸಬೇಕು. ನಿದ್ದೆಯನ್ನೂ ಮನಸ್ಸನ್ನೂ ಒಟ್ಟಿಗೆ ಕೆಡಿಸುವ, ಇಷ್ಟು ಬಲವಾದ ಸಂಗತಿ ಇದೆಯಾ? ನೋವು, ಸಾಲದ ಚಿಂತೆ, ಕುಡಿತ, ರಾತ್ರಿ ಪಾಳಿ ಎಲ್ಲ ಕೂಡಿದರೆ 0.5 ಮುಟ್ಟುವುದು ಅಸಾಧ್ಯ ಅಂತ ನನಗೆ ಅನಿಸುವುದಿಲ್ಲ. ಹಾಗಾಗಿ ನಾನು ಪ್ರಬಂಧದಲ್ಲಿ ಮೊದಲು ಹುಡುಕುವುದು ಇದನ್ನೇ: ಪ್ರಯೋಗ ಶುರುವಾಗುವ ಮುಂಚೆ ಇವುಗಳನ್ನು ಅಳೆದಿದ್ದಾರಾ, bಯ ಲೆಕ್ಕದಲ್ಲಿ ಸೇರಿಸಿದ್ದಾರಾ? ಮುಖ್ಯವಾಗಿ ಶುರುವಿನ ನಿದ್ದೆ, ಶುರುವಿನ ಮನಸ್ಥಿತಿ ಎರಡೂ ಲೆಕ್ಕದಲ್ಲಿ ಇರಬೇಕು. ‘ವಯಸ್ಸು ಮತ್ತು ಲಿಂಗಕ್ಕೆ ಹೊಂದಿಸಿದ್ದೇವೆ’ ಅಂತ ಮಾತ್ರ ಬರೆದಿದ್ದರೆ, ಲಾಟರಿ ಇದ್ದ ಕಾರಣ ಬೇರೆ ಏನೂ ಬೇಡ ಅಂತ ಅವರು ಭಾವಿಸಿದ ಹಾಗೆ ಕಾಣುತ್ತದೆ.

ಒಂದು ಕಷ್ಟ ಮಾತ್ರ ಈ ಹೊಂದಾಣಿಕೆಯಿಂದ ಹೋಗುವುದಿಲ್ಲ. ನಡಿಗೆಯೇ ನೋವನ್ನು ಕಡಿಮೆ ಮಾಡಬಹುದು. ಕಡಿಮೆಯಾದ ಆ ನೋವು ನಿದ್ದೆಯನ್ನೂ ಮನಸ್ಸನ್ನೂ ಎತ್ತಬಹುದು. ಆಗ 6ನೇ ವಾರದ ನೋವನ್ನು ಲೆಕ್ಕಕ್ಕೆ ಸೇರಿಸದಿದ್ದರೆ b ಉಬ್ಬುತ್ತದೆ. ಸೇರಿಸಿದರೆ ನಡಿಗೆಯ ಪರಿಣಾಮದ ಒಂದು ತುಂಡನ್ನೇ ಕತ್ತರಿಸಿ ಹಾಕಿದ ಹಾಗೆ. ಮಾಮೂಲಿ ರಿಗ್ರೆಶನ್‌ನಿಂದ ಇದು ಬಗೆಹರಿಯುವುದಿಲ್ಲ. ಇನ್ನೂ ಕೆಲವು ಊಹೆಗಳನ್ನು ಹೊರಿಸುವ ಬೇರೆ ವಿಧಾನಗಳು ಬೇಕಾಗುತ್ತವೆ. ಲೇಖಕರು ಈ ಸಾಧ್ಯತೆಯನ್ನು ಎತ್ತಿಯಾದರೂ ಇದ್ದಾರಾ ನೋಡಿ. ಎತ್ತಿದವರು ವಿಷಯವನ್ನು ಬಲ್ಲವರು.

ಬಾಣವನ್ನು ತಿರುಗಿಸಿ ನೋಡಿ

ಮನಸ್ಸು ಹಗುರಾದರೆ ನಿದ್ದೆ ಚೆನ್ನಾಗಿ ಬರುತ್ತದೆ. ಹಾಗಿದ್ದರೆ ದಾರಿ ಹೀಗೂ ಇರಬಹುದು: ನಡಿಗೆಯಿಂದ ಮನಸ್ಸು, ಮನಸ್ಸಿನಿಂದ ನಿದ್ದೆ. ಇದೇ ಅಂಕಿಗಳನ್ನು ಹಿಡಿದು ಲೆಕ್ಕ ತಿರುಗಿಸೋಣ. ನಡಿಗೆಯಿಂದ ಮನಸ್ಸಿಗೆ 5 ಅಂಕ. ಸಹಸಂಬಂಧ 0.4 ಇರುವುದರಿಂದ ಒಂದು ಅಂಕಕ್ಕೆ 0.04 ಗಂಟೆ ನಿದ್ದೆ. ಗುಣಿಸಿದರೆ 0.2 ಗಂಟೆ. ನಿದ್ದೆಯ ಒಟ್ಟು ಹೆಚ್ಚಳ 0.5 ಗಂಟೆ. ಅಂದರೆ ನಿದ್ದೆಗೆ ಆದ ಲಾಭದಲ್ಲಿ ಶೇ. 40 ಮನಸ್ಸಿನ ಮೂಲಕ ಬಂತು!

ಎರಡೂ ಕಡೆ 40 ಬಂದದ್ದಕ್ಕೆ ಕಾರಣ, ಎರಡರ ಮೇಲೂ ನಡಿಗೆಯ ಪರಿಣಾಮ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್ ಇರುವುದು. ಬೇರೆ ದತ್ತಾಂಶದಲ್ಲಿ ಎರಡು ಸಂಖ್ಯೆ ಬೇರೆ ಬೇರೆ ಬರುತ್ತವೆ. ಆದರೆ ಆ ವ್ಯತ್ಯಾಸ ನೋಡಿ ದಿಕ್ಕನ್ನು ತೀರ್ಮಾನಿಸಲು ಬರುವುದಿಲ್ಲ. ‘ತಿರುಗಿಸಿದ ಮಾದರಿಯಲ್ಲಿ ಪರೋಕ್ಷ ಪರಿಣಾಮ ಚಿಕ್ಕದು, ಹಾಗಾಗಿ ನಮ್ಮ ದಿಕ್ಕೇ ಸರಿ’ ಅನ್ನುವ ವಾದ ಕೆಲವು ಪ್ರಬಂಧಗಳಲ್ಲಿ ಇರುತ್ತದೆ. ಅದಕ್ಕೆ ತೂಕ ಕೊಡಬೇಡಿ. ಎರಡೂ ಮಾದರಿಗಳು ಅದೇ ಮೂರು ಸಹಸಂಬಂಧಗಳಿಗೆ ಅಷ್ಟೇ ಚೆನ್ನಾಗಿ ಹೊಂದುತ್ತವೆ.

ದಿಕ್ಕನ್ನು ಹೇಳಬಲ್ಲದ್ದು ಸಮಯ, ಅದೂ ಸ್ವಲ್ಪ ಮಟ್ಟಿಗೆ. ನಮ್ಮ ಪ್ರಬಂಧದಲ್ಲಿ ನಿದ್ದೆ, ಮನಸ್ಥಿತಿ ಎರಡನ್ನೂ 12ನೇ ವಾರ ಒಂದೇ ದಿನ, ಒಂದೇ ಪ್ರಶ್ನಾವಳಿಯಲ್ಲಿ ಕೇಳಿದ್ದರೆ ದಿಕ್ಕಿಗೆ ಯಾವ ಆಧಾರವೂ ಇಲ್ಲ. ಅದರ ಜೊತೆ ಇನ್ನೊಂದು ತೊಂದರೆ: ಆ ದಿನ ಬೇಸರದಲ್ಲಿ ಇದ್ದವರು ‘ನಿದ್ದೆಯೂ ಸರಿ ಆಗಲಿಲ್ಲ’ ಅಂತ ಬರೆಯುತ್ತಾರೆ. ಬರೀ ಇಷ್ಟರಿಂದಲೇ b ದೊಡ್ಡದಾಗಬಹುದು. ನಿದ್ದೆಯನ್ನು 6ನೇ ವಾರ ಕೈಗೆ ಕಟ್ಟಿದ ಸಾಧನದಿಂದ ಅಳೆದು, ಮನಸ್ಥಿತಿಯನ್ನು 12ನೇ ವಾರ ಕೇಳಿದ್ದರೆ ಪರವಾಗಿಲ್ಲ. 6ನೇ ವಾರದ ಮನಸ್ಥಿತಿಯನ್ನೂ ಕೇಳಿದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ 6ನೇ ವಾರಕ್ಕೇ 5 ಅಂಕ ಪೂರ್ತಿ ಏರಿ, ನಿದ್ದೆ ಆಮೇಲೆ ಏರಿದ್ದರೆ, ನಿದ್ದೆ ಆ 5 ಅಂಕವನ್ನು ತಂದಿರಲು ಸಾಧ್ಯವಿಲ್ಲ.

ಇಲ್ಲೇ ಇನ್ನೊಂದು ಮಾತು. ‘ಪೂರ್ಣ ಮೀಡಿಯೇಶನ್’ ಅಂತ ಕಂಡರೆ ಎಷ್ಟು ಜನರ ಮೇಲೆ ಮಾಡಿದ್ದು ಅಂತ ತಕ್ಷಣ ನೋಡಿ. ನಮ್ಮ ಲೆಕ್ಕದಲ್ಲಿ ನೇರ ಪರಿಣಾಮ 3 ಅಂಕ, ವ್ಯಾಪ್ತಿ ಸುಮಾರು 1.1ರಿಂದ 4.9. 400ರ ಬದಲು 100 ಜನರೇ ಇದ್ದಿದ್ದರೆ, ಅದೇ 3 ಅಂಕಕ್ಕೆ ವ್ಯಾಪ್ತಿ ಸೊನ್ನೆಗಿಂತ ಕೆಳಕ್ಕೂ ಇಳಿಯುತ್ತಿತ್ತು. ಆಗ ‘ನೇರ ಪರಿಣಾಮ ಇಲ್ಲ, ಎಲ್ಲವೂ ನಿದ್ದೆಯ ಮೂಲಕವೇ’ ಅಂತ ಬರೆಯುತ್ತಿದ್ದರು. ದತ್ತಾಂಶ ಕಡಿಮೆ ಆದಷ್ಟೂ ತೀರ್ಮಾನ ದೊಡ್ಡದಾಗುವ ವಿಚಿತ್ರ ಇದು.

ನಿದ್ದೆಯನ್ನೇ ಅಲುಗಾಡಿಸುವುದು

ಇಷ್ಟೆಲ್ಲ ಆದ ಮೇಲೆ bಯನ್ನು ನಂಬಲು ಗಟ್ಟಿಯಾದ ಆಧಾರ ಬೇಕು ಅಂದರೆ, ನಿದ್ದೆಯ ಮೇಲೂ ಲಾಟರಿ ಎತ್ತಬೇಕು. ನಿದ್ದೆಯನ್ನು ಬದಲಿಸಿ ಮನಸ್ಸು ಬದಲಾಗುತ್ತದಾ ನೋಡಬೇಕು. ಇಂಥ ಪ್ರಯೋಗಗಳು ನಡೆದಿವೆ. 2017ರಲ್ಲಿ ಪ್ರಕಟವಾದ ಓಯಸಿಸ್ ಅನ್ನುವ ಪ್ರಯೋಗದಲ್ಲಿ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ, ನಿದ್ದೆ ಬಾರದ 3,755 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ನಿದ್ದೆ ಸುಧಾರಿಸುವ ಆನ್‌ಲೈನ್ ಚಿಕಿತ್ಸೆ ಕೊಟ್ಟರು. ಆ ಗುಂಪಿನಲ್ಲಿ ನಿದ್ದೆ ಸುಧಾರಿಸಿತು, ಜೊತೆಗೆ ಅನುಮಾನದ ಯೋಚನೆಗಳು, ಭ್ರಮೆಯ ಅನುಭವಗಳು ಕಡಿಮೆಯಾದವು. ನಡಿಗೆಯ ಪ್ರಬಂಧ ಇಂಥ ಪ್ರಯೋಗಗಳನ್ನು ಹಿಡಿದುಕೊಂಡು ತನ್ನ bಗೆ ಬೆಂಬಲ ತೋರಿಸಿದರೆ ಅದರ ಮಾತಿಗೆ ಬೆಲೆ ಜಾಸ್ತಿ.

ಉಲ್ಟಾ ಆದದ್ದೂ ಇದೆ. ರಕ್ತದಲ್ಲಿ ಎಚ್‌ಡಿಎಲ್ ಕೊಲೆಸ್ಟ್ರಾಲ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆ ಕಡಿಮೆ ಅನ್ನುವುದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಕಂಡ ಸಂಬಂಧ. ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿಯುತ್ತದೆ ಅಂತ ಟಾರ್ಸೆಟ್ರಪಿಬ್ ಅನ್ನುವ ಔಷಧಿಯನ್ನು 15,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ಎಚ್‌ಡಿಎಲ್ ಶೇ. 72ರಷ್ಟು ಏರಿತು. ಆದರೆ ಔಷಧಿಯ ಗುಂಪಿನಲ್ಲಿ 93 ಜನ ಸತ್ತರು, ಇನ್ನೊಂದು ಗುಂಪಿನಲ್ಲಿ 59. ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಈ ಔಷಧಿ ರಕ್ತದೊತ್ತಡವನ್ನೂ ಏರಿಸುತ್ತಿತ್ತು, ಹಾಗಾಗಿ ತಪ್ಪೆಲ್ಲ ಎಚ್‌ಡಿಎಲ್ ಕಥೆಯದೇ ಅನ್ನಲು ಆಗುವುದಿಲ್ಲ. ಮೀಡಿಯೇಟರ್ ಒಂದನ್ನೇ, ಬೇರೆ ಏನನ್ನೂ ಮುಟ್ಟದೆ ಅಲುಗಾಡಿಸುವುದು ಎಷ್ಟು ಕಷ್ಟ ಅನ್ನುವುದಕ್ಕೂ ಇದೇ ಉದಾಹರಣೆ. ನಿದ್ದೆಯ ಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ. ಅದು ನಿದ್ದೆಯನ್ನು ಮುಟ್ಟದೆ ನೇರವಾಗಿ ಚಿಂತೆಯನ್ನೇ ಕಡಿಮೆ ಮಾಡಿರಲೂಬಹುದು.

ನಿದ್ದೆ ಮನಸ್ಸನ್ನು ಎತ್ತುತ್ತದೆ ಅಂತ ಬೇರೆ ಪ್ರಯೋಗದಲ್ಲಿ ತೋರಿಸಿದರೂ, ನಡಿಗೆ ತಂದ ಈ ಅರ್ಧ ಗಂಟೆಯ ನಿದ್ದೆ ಈ ಜನರಲ್ಲಿ ಆ ಕೆಲಸ ಮಾಡಿತಾ ಅನ್ನುವುದು ಉಳಿಯುತ್ತದೆ. ಅದಕ್ಕೆ ನನಗೆ ಇಷ್ಟವಾಗುವ ಪ್ರಯೋಗ ದಾರಿಯನ್ನು ಅಡ್ಡಗಟ್ಟುವಂಥದ್ದು. ನಾಲ್ಕು ಗುಂಪು ಮಾಡಿ. ಎರಡು ಗುಂಪು ಮೊದಲಿನ ಹಾಗೆ, ನಡಿಗೆ ಇರುವುದು ಮತ್ತು ಇಲ್ಲದಿರುವುದು. ಇನ್ನೆರಡು ಗುಂಪುಗಳಲ್ಲೂ ನಡಿಗೆ ಇರುವುದು ಮತ್ತು ಇಲ್ಲದಿರುವುದು, ಆದರೆ ಎಲ್ಲರೂ ಮೊದಲು ಮಲಗುತ್ತಿದ್ದಷ್ಟೇ ಹೊತ್ತು ಮಲಗಿ, ಅಲಾರಾಂ ಇಟ್ಟು ಏಳಬೇಕು. ಹೆಚ್ಚುವರಿ ಅರ್ಧ ಗಂಟೆಗೆ ಅಲ್ಲಿ ಅವಕಾಶವೇ ಇಲ್ಲ. ಅಲಾರಾಂನ ಕಿರಿಕಿರಿ ಎರಡಕ್ಕೂ ಇರುವುದರಿಂದ ಹೋಲಿಕೆ ಹೆಚ್ಚು ಕೆಡುವುದಿಲ್ಲ. ಮೊದಲು ಸಾಧನದ ಅಂಕಿ ನೋಡಿ, ಈ ಎರಡು ಗುಂಪಿನ ನಿದ್ದೆ ನಿಜವಾಗಿ ಸಮ ಇತ್ತಾ ಅಂತ ಖಚಿತ ಮಾಡಿಕೊಳ್ಳಬೇಕು. ಸಮ ಇದ್ದೂ ಅಲ್ಲಿ ನಡಿಗೆಯ ಲಾಭ 5 ಅಂಕವೇ ಉಳಿದರೆ, ನಿದ್ದೆಯ ಹೊತ್ತು ಆ ದಾರಿ ಅಲ್ಲ. 3ಕ್ಕೆ ಇಳಿದರೆ, ನಮ್ಮ ಪ್ರಬಂಧ ಹೇಳಿದ 2 ಅಂಕಕ್ಕೆ ಮೊದಲ ಸಲ ಪ್ರಯೋಗದ ಆಧಾರ ಸಿಕ್ಕಿತು.